‘ಹೈಲಿ ಒಬ್ಲೈಜ್ಡ್’ ಆಗುವ ಮುನ್ನ

ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಪತ್ರಲೇಖನ ಕಲಿತವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ರಜಾ ಅರ್ಜಿಯ ಕೊನೆಯ ಸಾಲು ತಪ್ಪದೆ ಹೇಳುತ್ತಾರೆ. ಜ್ವರ ಬಂದಿದೆ, ಎರಡು ದಿನ ರಜೆ ಕೊಟ್ಟರೆ ‘ಐ ಶಲ್ ಬಿ ಹೈಲಿ ಒಬ್ಲೈಜ್ಡ್’. ಹೆಡ್‌ಮಾಸ್ಟರ ಮೇಜಿನ ಮೇಲಿದ್ದ ಆ ಸಾಲು ಈಗ ಇಮೇಲಿಗೂ ವಾಟ್ಸ್ಯಾಪಿಗೂ ಬಂದು ಕೂತಿದೆ. ನಮ್ಮ ಕಚೇರಿಗಳಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಅರ್ಜಿ ಎಂದಮೇಲೆ ಹಾಗೇ ಇರಬೇಕು ಎಂದುಕೊಂಡು ಸಹಿ ಹಾಕುತ್ತಾರೆ. ಓದುವವರು ಇಂಗ್ಲೆಂಡಿನಲ್ಲಿ ಕೂತಿದ್ದರೆ ಮಾತ್ರ ಅದೇ ಸಾಲಿನ ದನಿ ಬೇರೆಯಾಗುತ್ತದೆ.

ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಬ್ರಿಟನ್ನಿನ ಪ್ರಾಧ್ಯಾಪಕರೊಬ್ಬರಿಗೆ ಶಿಫಾರಸು ಪತ್ರ ಕೇಳಿ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಬೇಸಿಗೆಯ ಪ್ರಾಜೆಕ್ಟ್ ಒಂದರಲ್ಲಿ ಅವರು ಇವಳಿಗೆ ಮಾರ್ಗದರ್ಶನ ಮಾಡಿದ್ದರು. ಅರ್ಜಿಯ ಗಡುವು ಶುಕ್ರವಾರ. ಅವಳು ಬರೆಯುತ್ತಾಳೆ: ‘ಐ ವಿಲ್ ಬಿ ಒಬ್ಲೈಜ್ಡ್ ಇಫ್ ಯು ಸೆಂಡ್ ದ ಲೆಟರ್ ಬೈ ಫ್ರೈಡೇ.’ ಅವಳ ಮನಸ್ಸಿನಲ್ಲಿ ಇರುವುದು ಬರೀ ವಿನಯ. ಆದರೆ ಆ ಪ್ರಾಧ್ಯಾಪಕರು ಈ ಸಾಲನ್ನು ಬೇರೆ ಎಲ್ಲೆಲ್ಲಿ ಓದಿರುತ್ತಾರೆ ನೋಡಿ. ಗೇಟಿನ ಮುಂದೆ ಕಾರು ನಿಲ್ಲಿಸಿದ ಪಕ್ಕದ ಮನೆಯವನಿಗೆ ಸಿಟ್ಟಿನಿಂದ ಚೀಟಿ ಬರೆಯುವಾಗ, ಬಾಕಿ ಹಣ ಕೇಳಿ ವಕೀಲರು ನೋಟಿಸು ಕಳಿಸುವಾಗ ಇಂಗ್ಲಿಷರು ‘ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ವುಡ್…’ ಎಂದೇ ಶುರುಮಾಡುವುದುಂಟು. ಹಲ್ಲು ಕಚ್ಚಿಕೊಂಡು ಆಡುವ ಮರ್ಯಾದೆಯ ಮಾತು ಅದು. ಮುಂದೆ ‘ಶುಕ್ರವಾರದೊಳಗೆ’ ಎಂಬ ಗಡುವೂ ಸೇರಿದರೆ ಕೋರಿಕೆ ಹೋಗಿ ತಾಕೀತು ಆಗುತ್ತದೆ.

ಇದಕ್ಕೆ ಕಾರಣ ಆ ಪದ ಮಾಡುವ ಇನ್ನೊಂದು ಕೆಲಸ. ‘ಒಬ್ಲೈಜ್ಡ್ ಟು’ ಎಂದು ಬರೆದು ಮುಂದೆ ಕ್ರಿಯಾಪದ ಹಾಕಿದರೆ ಅಲ್ಲಿ ಉಪಕಾರದ ಸುಳಿವೂ ಇಲ್ಲ, ಇರುವುದು ಬಲವಂತ. ‘ಹಿ ವಾಸ್ ಒಬ್ಲೈಜ್ಡ್ ಟು ರಿಸೈನ್’ ಎಂದರೆ ರಾಜೀನಾಮೆ ಕೊಡದೆ ಅವನಿಗೆ ಗತಿಯಿರಲಿಲ್ಲ. ‘ಐ ಆಮ್ ಒಬ್ಲೈಜ್ಡ್ ಟು ಇನ್‌ಫಾರ್ಮ್ ಯು’ ಎಂದು ಪತ್ರ ಬಂದರೆ ಒಳಗೆ ಒಳ್ಳೆಯ ಸುದ್ದಿ ಇರುವುದಿಲ್ಲ. ಕಟ್ಟುಪಾಡಿನ ಈ ನೆರಳು ಕೃತಜ್ಞತೆ ಹೇಳುವಾಗಲೂ ಪದದ ಹಿಂದೆಯೇ ಬರುತ್ತದೆ.

ಹಾಗೆಂದು ಒಬ್ಲೈಜ್ಡ್ ಸತ್ತ ಪದವೇನಲ್ಲ. ಕೋರ್ಟಿನಲ್ಲಿ ಅದು ದಿನಾ ಕೇಳಿಸುತ್ತದೆ. ಇಂಗ್ಲೆಂಡಿನಲ್ಲೂ ನಮ್ಮ ಹೈಕೋರ್ಟುಗಳಲ್ಲೂ ನ್ಯಾಯಾಧೀಶರು ಕೇಳಿದ ದಿನಾಂಕ ಕೊಟ್ಟರೆ ವಕೀಲರು ತಲೆಬಾಗಿ ‘ಮಚ್ ಒಬ್ಲೈಜ್ಡ್, ಮೈ ಲಾರ್ಡ್’ ಎನ್ನುತ್ತಾರೆ. ಕೌಬಾಯ್ ಸಿನಿಮಾಗಳಲ್ಲಿ ಟೋಪಿಯ ಅಂಚು ಮುಟ್ಟಿ ಹೇಳುವ ‘ಮಚ್ ಒಬ್ಲೈಜ್ಡ್’ ಇದೆ, ಹಾಗಾಗಿ ಇವತ್ತು ಅಮೆರಿಕದ ಗೆಳೆಯ ಅದನ್ನು ಚಾಟ್‌ನಲ್ಲಿ ಟೈಪ್ ಮಾಡಿದರೆ ಅರ್ಧ ತಮಾಷೆಗೇ ಇರಬಹುದು. ತಹಶೀಲ್ದಾರರಿಗೆ ಬರೆಯುವ ಅರ್ಜಿಯಲ್ಲಿ ‘ಹೈಲಿ ಒಬ್ಲೈಜ್ಡ್’ ಹಾಗೇ ಇರಲಿ, ಅಲ್ಲಿ ಅದನ್ನು ತೆಗೆದರೆ ಅರ್ಜಿಯೇ ಬೋಳಾಗಿ ಕಾಣುತ್ತದೆ.

ಧಾರವಾಡದ ಹುಡುಗಿಗೆ ಬೇಕಾದ ಪದ ಗ್ರೇಟ್‌ಫುಲ್. ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಸೆಂಡ್ ದ ಲೆಟರ್ ಬೈ ಫ್ರೈಡೇ.’ ಇಲ್ಲಿ ಪದ ಒಂದನ್ನೇ ಬದಲಿಸಿದರೆ ಸಾಲದು, ‘ವುಡ್’ ಮತ್ತು ‘ಕುಡ್’ ಕೂಡ ಬೇಕು. ‘ಐ ವಿಲ್ ಬಿ ಗ್ರೇಟ್‌ಫುಲ್ ಇಫ್ ಯು ಸೆಂಡ್’ ಎಂದರೆ ನೀನು ಕಳಿಸು, ಆಮೇಲೆ ಕೃತಜ್ಞತೆ ಕೊಡುತ್ತೇನೆ ಎಂಬ ಲೇವಾದೇವಿಯ ಧಾಟಿ ಸ್ವಲ್ಪ ಬರುತ್ತದೆ. ‘ಕುಡ್’ ಹಾಕಿದರೆ ಆಗುವುದಿಲ್ಲ ಎನ್ನಲು ಅವರಿಗೊಂದು ದಾರಿ ಬಿಟ್ಟಂತೆ. ಇಷ್ಟು ಶಿಷ್ಟಾಚಾರ ಹೊರಗಿನವರಿಗೆ, ಹಿರಿಯರಿಗೆ ಸಾಕು. ಪಕ್ಕದ ಟೇಬಲ್ಲಿನ ಸಹೋದ್ಯೋಗಿಗೆ ಫೈಲು ಕಳಿಸು ಎನ್ನಲು ಇದೇ ಸಾಲು ಬರೆದರೆ, ಇವನಿಗೆ ನನ್ನ ಮೇಲೇನಾದರೂ ಮುನಿಸೇ ಎಂದು ಆತ ಯೋಚಿಸಬೇಕಾಗುತ್ತದೆ. ಅಲ್ಲಿ ‘ಕುಡ್ ಯು ಸೆಂಡ್ ಇಟ್? ಥ್ಯಾಂಕ್ಸ್’ ಎಂದರೆ ಮುಗಿಯಿತು.

ಪ್ರಾಧ್ಯಾಪಕರು ಗುರುವಾರವೇ ಪತ್ರ ಕಳಿಸುತ್ತಾರೆ. ಹುಡುಗಿ ಸಂತೋಷದಿಂದ ‘ಐ ಆಮ್ ವೆರಿ ಥ್ಯಾಂಕ್‌ಫುಲ್ ಟು ಯು’ ಎಂದು ಬರೆಯುತ್ತಾಳೆ. ವ್ಯಾಕರಣ ಸರಿ, ಭಾವವೂ ಮುಟ್ಟುತ್ತದೆ, ಆದರೂ ಇಂಗ್ಲಿಷ್ ಮನೆಮಾತಿನವರ ಕಿವಿ ಅಲ್ಲಿ ಗ್ರೇಟ್‌ಫುಲ್ ಬರಲೆಂದು ಕಾಯುತ್ತಿರುತ್ತದೆ. ಒಬ್ಬ ವ್ಯಕ್ತಿ ಮನಸ್ಸಿಟ್ಟು ಮಾಡಿದ ಉಪಕಾರಕ್ಕೆ ಹೊಂದುವುದು ಗ್ರೇಟ್‌ಫುಲ್: ‘ಗ್ರೇಟ್‌ಫುಲ್ ಟು’ ಎಂದಮೇಲೆ ಆ ವ್ಯಕ್ತಿ, ‘ಫಾರ್’ ಎಂದಮೇಲೆ ಆ ಕೆಲಸ. ಥ್ಯಾಂಕ್‌ಫುಲ್‌ಗೆ ಹೀಗೆ ಎದುರಿಗೊಬ್ಬರು ಇರಲೇಬೇಕೆಂದಿಲ್ಲ. ಅಪಘಾತದಲ್ಲಿ ಯಾರಿಗೂ ಪೆಟ್ಟಾಗದಿದ್ದರೆ, ಮದುವೆಯ ದಿನ ಮಳೆ ಬಾರದಿದ್ದರೆ ಥ್ಯಾಂಕ್‌ಫುಲ್ ಎನ್ನುತ್ತಾರೆ. ಅಲ್ಲಿ ಉಪಕಾರ ಮಾಡಿದವರು ಯಾರೂ ಇಲ್ಲ, ಇರುವುದು ನಿಟ್ಟುಸಿರು. ನಾವು ‘ಸದ್ಯ!’ ಎಂದು ಶುರುಮಾಡುವ ಮಾತುಗಳಿಗೆಲ್ಲ ಅದು ಸಲ್ಲುತ್ತದೆ. ಅರ್ಜಿಯ ವೆಬ್‌ಸೈಟ್ ಕೊನೆಯ ಗಳಿಗೆಯಲ್ಲಿ ಕೈಕೊಡಲಿಲ್ಲ ಎಂದು ಆ ಹುಡುಗಿ ಥ್ಯಾಂಕ್‌ಫುಲ್, ಪತ್ರ ಬರೆದ ಗುರುವಿಗೆ ಗ್ರೇಟ್‌ಫುಲ್. ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದ ಮನೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೂತಾಗ, ಈ ವರ್ಷ ಯಾವುದಕ್ಕೆಲ್ಲ ಥ್ಯಾಂಕ್‌ಫುಲ್ ಎಂದು ಒಬ್ಬೊಬ್ಬರೂ ಹೇಳುವ ರೂಢಿಯಿದೆ. ಆರೋಗ್ಯ, ಮನೆಮಂದಿ, ಕೆಲಸ ಎಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಗೆರೆ ಅಷ್ಟೇನೂ ಗಟ್ಟಿಯಲ್ಲ ಎನ್ನುವುದೂ ನಿಜ. ಇತ್ತೀಚೆಗೆ ಇನ್‌ಸ್ಟಾಗ್ರಾಮಿನಲ್ಲಿ ಸೂರ್ಯಾಸ್ತದ ಫೋಟೊ ಹಾಕಿ ‘ಗ್ರೇಟ್‌ಫುಲ್’ ಎಂದಷ್ಟೇ ಬರೆಯುತ್ತಾರೆ. ಯಾರಿಗೆ ಎಂದು ಕೇಳುವಂತಿಲ್ಲ.

ಇನ್ನುಳಿದದ್ದು ಇಂಡೆಟೆಡ್. ವಂದನಾರ್ಪಣೆಯಲ್ಲಿ ಮೈಕಿನವರಿಗೂ ‘ಚಿರಋಣಿ’ ಎಂದು ರೂಢಿಯಾದ ನಮಗೆ ಇದು ಸಲೀಸಾಗಿ ಬಂದುಬಿಡುತ್ತದೆ. ಒಂದು ಶಿಫಾರಸು ಪತ್ರಕ್ಕೆ ‘ಐ ಆಮ್ ಫಾರೆವರ್ ಇಂಡೆಟೆಡ್ ಟು ಯು’ ಎಂದರೆ, ವರ್ಷಕ್ಕೆ ಹತ್ತಾರು ಪತ್ರ ಬರೆಯುವ ಪ್ರಾಧ್ಯಾಪಕರಿಗೆ ಸಂಕೋಚವೇ ಆದೀತು. ಆ ಪದದ ಸಹಜ ಜಾಗ ಪುಸ್ತಕದ, ಪ್ರಬಂಧದ ಮೊದಲ ಪುಟಗಳು. ಮೂರನೆಯ ಅಧ್ಯಾಯದ ವಾದದಲ್ಲಿದ್ದ ಬಿರುಕನ್ನು ಅವರು ತೋರಿಸಿಕೊಟ್ಟರು, ಅದಿಲ್ಲದೆ ಈ ಕೆಲಸ ಹೀಗಾಗುತ್ತಿರಲಿಲ್ಲ ಎನ್ನುವಾಗ ಇಂಡೆಟೆಡ್ ತೂಕಕ್ಕೆ ತಕ್ಕದ್ದು. ಒಂದು ಅಧ್ಯಾಯ, ಒಂದು ರಾಗಸಂಯೋಜನೆ, ಒಂದು ಕಟ್ಟಡದ ವಿನ್ಯಾಸ ಕೂಡ ಹಿಂದಿನವರಿಗೆ ಇಂಡೆಟೆಡ್ ಆಗಬಹುದು. ಅವು ಗ್ರೇಟ್‌ಫುಲ್ ಆಗಲಾರವು. ಮುಂದೆ ‘ಟು ಯು’ ಇಲ್ಲದೆ ಬರೀ ‘ಇಂಡೆಟೆಡ್’ ಎಂದು ನಿಲ್ಲಿಸಿದರೆ ಸಾಲಗಾರ ಎಂದೇ ಅರ್ಥ. ವಿಶ್ವಬ್ಯಾಂಕ್ ಮತ್ತು ಐಎಂಎಫ್ 1996ರಲ್ಲಿ ಶುರುಮಾಡಿದ ಸಾಲ ಪರಿಹಾರ ಯೋಜನೆಯ ಹೆಸರಿನಲ್ಲಿ ಬಡ ದೇಶಗಳು ‘ಹೆವಿಲಿ ಇಂಡೆಟೆಡ್’ ಆಗಿದ್ದದ್ದು ಈ ಅರ್ಥದಲ್ಲೇ.

ಆಡಿದ ಮಾತು ಅತಿಯಾಯಿತೇ ಎಂಬುದು ಬರುವ ಉತ್ತರದಲ್ಲಿ ಕೆಲವೊಮ್ಮೆ ತಿಳಿಯುತ್ತದೆ. ‘ಅಯ್ಯೋ, ಅಷ್ಟೆಲ್ಲ ಏನಿಲ್ಲ’ ಎಂಬ ಧಾಟಿಯಲ್ಲಿ ಎರಡೆರಡು ಸಾಲು ಬಂದರೆ ಅವರು ನಾವು ಹೊರಿಸಿದ ಭಾರ ಇಳಿಸಿಕೊಳ್ಳುತ್ತಿದ್ದಾರೆ. ಬರೀ ‘ನೋಟೆಡ್’ ಎಂದು ಬಂದರೆ ಅವರು ಅವಸರದಲ್ಲಿ ಇದ್ದಿರಬಹುದು, ಇಲ್ಲವೇ ನಮ್ಮ ಕೋರಿಕೆ ಆಜ್ಞೆಯಂತೆ ಕೇಳಿಸಿರಬಹುದು. ಆಗ ಕಳಿಸಿದ ಮೆಸೇಜನ್ನು ತೆರೆದು, ‘ವಿಲ್’ ಎಲ್ಲಿದೆ, ಗಡುವು ಯಾವ ಪದದ ಮಗ್ಗುಲಲ್ಲಿ ಕೂತಿದೆ ಎಂದು ಒಮ್ಮೆ ನೋಡಬಹುದು.