ಕಲಬುರಗಿಯಿಂದ ಪೀಣ್ಯಕ್ಕೆ ಕರೆಸುವ ಒಂದು ಮೇಲ್

ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದಕ್ಕೆ ಅಕೌಂಟ್ಸ್ ಸಹಾಯಕರು ಬೇಕಾಗಿದ್ದಾರೆ ಎಂದುಕೊಳ್ಳಿ. ಅರ್ಜಿ ಹಾಕಿದವರಲ್ಲಿ ಕಲಬುರಗಿಯ ಬಿ.ಕಾಂ. ಪದವೀಧರೆಯೊಬ್ಬರು ಮೊದಲ ಜರಡಿ ದಾಟಿದ್ದಾರೆ. ಸದ್ಯ ಅಲ್ಲೇ ಆಡಿಟರ್ ಒಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರು ಸಂದರ್ಶನಕ್ಕೆ ಬರಬೇಕಾದರೆ ರಜೆ ಹಾಕಬೇಕು, ರಾತ್ರಿಯಿಡೀ ಪ್ರಯಾಣ ಮಾಡಬೇಕು. ಎಚ್‌ಆರ್ ವಿಭಾಗದವರು ಕಳಿಸುವ ಮೇಲ್ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದಾಗಿರಬೇಕು.

ಅನೇಕ ಕಡೆ ಆಗುವುದೇ ಬೇರೆ. ಹಳೆಯ ಮಾದರಿಯೊಂದನ್ನು ತೆಗೆದು ಹೆಸರು ಬದಲಿಸಿ ಕಳಿಸಿಬಿಡುತ್ತಾರೆ. ಮೇಲೆ ಕಚೇರಿಯ ವಿಳಾಸ, ಕೆಳಗೆ ವಿಡಿಯೊ ಕರೆಯ ಲಿಂಕ್, ನಡುವೆ ‘ಬರುವ ಸೋಮವಾರ 10ಕ್ಕೆ ಹಾಜರಾಗಿ’ ಎಂಬ ಒಂದು ಸಾಲು. ಬರಬೇಕೋ, ಮನೆಯಲ್ಲೇ ಲಿಂಕ್ ಒತ್ತಬೇಕೋ ಗೊತ್ತಾಗುವುದಿಲ್ಲ. ಶುಕ್ರವಾರ ಕಳಿಸಿದ ಮೇಲ್‌ನಲ್ಲಿ ‘ಬರುವ ಸೋಮವಾರ’ ಎಂದರೆ ಮೂರು ದಿನಕ್ಕೋ ಹತ್ತು ದಿನಕ್ಕೋ ಎಂಬ ಅನುಮಾನವೂ ಉಳಿಯುತ್ತದೆ. ಕೆಲಸ ಬೇಕಾದವರು ಇಂಥದ್ದನ್ನೆಲ್ಲ ಮತ್ತೆ ಮತ್ತೆ ಕೇಳಲು ಹಿಂಜರಿಯುತ್ತಾರೆ.

ಅದೇ ಮೇಲ್ ಹೀಗಿದ್ದರೆ:

‘ವಿಷಯ: ಅಕೌಂಟ್ಸ್ ಸಹಾಯಕ ಹುದ್ದೆ – ಪೀಣ್ಯ ಕಚೇರಿಯಲ್ಲಿ ನೇರ ಸಂದರ್ಶನ – ಸಮಯ ಆರಿಸಿ ತಿಳಿಸಿ

ನಮಸ್ಕಾರ. ಜುಲೈ 14, ಮಂಗಳವಾರ ಬೆಳಿಗ್ಗೆ 11:30. ಅದೇ ದಿನ ಮಧ್ಯಾಹ್ನ 2:30. ಜುಲೈ 18, ಶನಿವಾರ ಬೆಳಿಗ್ಗೆ 11:30. ಇವುಗಳಲ್ಲಿ ಅನುಕೂಲವಾದ ಸಮಯವನ್ನು ಜುಲೈ 9, ಗುರುವಾರ ಸಂಜೆ 5ರೊಳಗೆ ಈ ಮೇಲ್‌ಗೇ ಉತ್ತರಿಸಿ ತಿಳಿಸಿ. ಅಲ್ಲಿಯವರೆಗೆ ಮೂರನ್ನೂ ನಿಮಗಾಗಿ ಕಾಯ್ದಿರಿಸಿದ್ದೇವೆ. ಟ್ಯಾಲಿಯಲ್ಲಿ 45 ನಿಮಿಷದ ಪರೀಕ್ಷೆ, ನಂತರ ಅರ್ಧ ಗಂಟೆ ಮಾತುಕತೆ ಇರುತ್ತದೆ. ಈ ಮೂರೂ ಸಮಯ ಹೊಂದದಿದ್ದರೆ ತಿಳಿಸಿ, ವಿಡಿಯೊ ಕರೆಗೆ ಏರ್ಪಾಡು ಮಾಡಿ ಲಿಂಕ್ ಕಳಿಸುತ್ತೇವೆ.’

ಇಲ್ಲಿ 11:30 ಎಂದಿಟ್ಟದ್ದಕ್ಕೆ ಕಾರಣವಿದೆ. ರಾತ್ರಿ ಗಾಡಿಯಲ್ಲಿ ಬಂದವರು ಮುಖ ತೊಳೆದು, ಬಟ್ಟೆ ಬದಲಿಸಿ, ತಿಂಡಿ ತಿಂದು ತಲುಪಲು ಅಷ್ಟು ಹೊತ್ತು ಬೇಕು. ಗಾಡಿ ತಡವಾದರೂ ಸ್ವಲ್ಪ ಅವಕಾಶವಿರುತ್ತದೆ. ಒಟ್ಟು ಎಷ್ಟು ಹೊತ್ತು ಎಂದು ಗೊತ್ತಾದರೆ ವಾಪಸು ಹೋಗುವ ಟಿಕೆಟ್ ಬುಕ್ ಮಾಡಬಹುದು. ‘ಕಾಯ್ದಿರಿಸಿದ್ದೇವೆ’ ಎಂಬ ಮಾತು ನಿಜವಾಗಿರಬೇಕು. ಇದೇ ಮೂರು ಸಮಯವನ್ನು ಏಕಕಾಲಕ್ಕೆ ಐದು ಜನರಿಗೆ ಕಳಿಸಿದರೆ ಇಬ್ಬರು ಮಂಗಳವಾರ 11:30ನ್ನೇ ಆರಿಸುತ್ತಾರೆ, ಒಬ್ಬರಿಗೆ ‘ಕ್ಷಮಿಸಿ’ ಎಂದು ಬರೆಯಬೇಕಾಗುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಸಮಯ ಹಂಚುವುದು ಒಳ್ಳೆಯದು. ಆಗದಿದ್ದರೆ ‘ಮೊದಲು ಉತ್ತರಿಸಿದವರಿಗೆ’ ಎಂದು ಮೊದಲೇ ಹೇಳಿಬಿಡಬೇಕು.

ಪೀಣ್ಯದ ವಿಳಾಸ ಹೊಸಬರನ್ನು ಸುತ್ತಿಸಿಬಿಡುತ್ತದೆ. ಅಲ್ಲಿ ಒಂದನೇ ಹಂತ, ಎರಡನೇ ಹಂತ ಎಂದಿರುವುದಲ್ಲದೆ ಫೇಸ್‌ಗಳೂ ಬೇರೆ ಇವೆ. ಮೆಟ್ರೊದಲ್ಲೂ ‘ಪೀಣ್ಯ’, ‘ಪೀಣ್ಯ ಇಂಡಸ್ಟ್ರಿ’ ಎಂಬ ಎರಡು ನಿಲ್ದಾಣಗಳು. ಆದ್ದರಿಂದ ಪೂರ್ತಿ ವಿಳಾಸದ ಜೊತೆಗೆ ಮ್ಯಾಪ್ ಲಿಂಕ್ ಕೊಟ್ಟು, ‘ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಬಂದು ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯಿರಿ’ ಎಂದು ಬರೆಯಬೇಕು. ಗೇಟಿನಲ್ಲಿ ಯಾರ ಹೆಸರು ಹೇಳಬೇಕು, ದಾರಿ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಇರಲಿ. ವಿಡಿಯೊ ಸಂದರ್ಶನಕ್ಕೂ ಆ ಫೋನ್ ನಂಬರ್ ಬೇಕೇ ಬೇಕು. ಕರೆಂಟ್ ಹೋದರೆ, ಲಿಂಕ್ ತೆರೆಯದಿದ್ದರೆ ತಿಳಿಸಲು ಬೇರೆ ದಾರಿಯಿರುವುದಿಲ್ಲ.

ಹೆಚ್ಚು ಎಡವುವುದು ದಾಖಲೆಗಳ ಪಟ್ಟಿಯಲ್ಲಿ. ‘ಎಲ್ಲ ಮೂಲ ದಾಖಲೆಗಳೊಂದಿಗೆ ಬನ್ನಿ’ ಎಂದರೆ ಜನ ಜಾತಿ ಪ್ರಮಾಣಪತ್ರದಿಂದ ಹಿಡಿದು ಇಡೀ ಫೈಲನ್ನೇ ಹೊತ್ತು ತರುತ್ತಾರೆ. ಈ ಹುದ್ದೆಗೆ ಬೇಕಾದದ್ದು ಎಸ್ಸೆಸ್ಸೆಲ್ಸಿ ಮತ್ತು ಪದವಿಯ ಅಂಕಪಟ್ಟಿಗಳು, ಅವುಗಳ ಒಂದು ಸೆಟ್ ಜೆರಾಕ್ಸ್, ಹಿಂದಿನ ಮೂರು ತಿಂಗಳ ಸಂಬಳದ ಚೀಟಿ, ಫೋಟೊ ಇರುವ ಒಂದು ಗುರುತಿನ ಚೀಟಿ. ಇಷ್ಟೇ. ಮೂಲ ಪ್ರತಿಯನ್ನು ನೋಡಿ ಆಗಲೇ ಹಿಂತಿರುಗಿಸುತ್ತೇವೆ ಎಂಬ ಸಾಲನ್ನು ಮರೆಯಬಾರದು. ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವವರ ಭಯ ಜನರಿಗೆ ಸುಮ್ಮನೆ ಬಂದಿಲ್ಲ. ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಸಂಸ್ಥೆಯೇ ನೀಡಿದ ಅಂಕಪಟ್ಟಿಗೆ 2016ರ ನಿಯಮಗಳ ಪ್ರಕಾರ ಮೂಲ ಪ್ರತಿಯಷ್ಟೇ ಮಾನ್ಯತೆಯಿದೆ, ಅದನ್ನೂ ಒಪ್ಪಬಹುದು. ಆಧಾರ್ ಪ್ರತಿ ಬೇಕೇ ಬೇಕೆನಿಸಿದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಈಗಿರುವ ಕೆಲಸದ ರಿಲೀವಿಂಗ್ ಲೆಟರ್ ಕೇಳುವುದು ಮಾತ್ರ ತಪ್ಪು. ರಾಜೀನಾಮೆಯನ್ನೇ ಕೊಡದವರ ಬಳಿ ಅದು ಇರಲು ಸಾಧ್ಯವಿಲ್ಲ. ಕೇಳಿದರೆ ಅವರು ಗಾಬರಿಯಾಗುತ್ತಾರೆ, ಕೆಲವರು ಬರುವುದನ್ನೇ ಬಿಡುತ್ತಾರೆ.

ಉತ್ತರ ಬಂದ ಮೇಲೆ ಆರಿಸಿದ ದಿನ, ಸಮಯವನ್ನು ಮತ್ತೆ ಬರೆದು ಖಚಿತಪಡಿಸಬೇಕು. ಅದು ಬಂದ ಮೇಲಷ್ಟೇ ಅಭ್ಯರ್ಥಿ ಟಿಕೆಟ್ ತೆಗೆಯುವುದು ಕ್ಷೇಮ.

ಇಂಥ ಮೇಲ್ ನಿಮಗೆ ಬಂದರೆ ಕಳಿಸಿದವರ ವಿಳಾಸದಲ್ಲಿ @ ಚಿಹ್ನೆಯ ನಂತರ ಏನಿದೆ ನೋಡಿ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಒಮ್ಮೆ ಫೋನ್ ಮಾಡಿ ವಿಚಾರಿಸಿ. ಸಂದರ್ಶನಕ್ಕೆ ನೋಂದಣಿ ಶುಲ್ಕ, ಡಿಪಾಸಿಟ್ ಎಂದು ಹಣ ಕೇಳಿದರೆ ಕಟ್ಟಬೇಡಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.