ಕೋಣೆಯಲ್ಲಿ ಕಾಯುವ ಐದು ಸಾಲು

ಮೈಸೂರಿನ ಒಂದು ಹೋಟೆಲಿನಲ್ಲಿ ನನ್ನ ಗೆಳತಿ ಗೆಸ್ಟ್ ರಿಲೇಷನ್ಸ್ ವಿಭಾಗದಲ್ಲಿದ್ದಾಳೆ. ಬಂದ ಅತಿಥಿಗಳ ಬೇಕುಬೇಡ ನೋಡಿಕೊಳ್ಳುವ ಕೆಲಸ ಅದು. ಅವಳ ಮೇಜಿನ ಸೆಳೆಖಾನೆಯಲ್ಲಿ ದಪ್ಪ ಬಿಳಿ ಕಾರ್ಡುಗಳ ಒಂದು ಕಟ್ಟು, ಅಷ್ಟೇ ಲಕೋಟೆಗಳು, ಮೂರು ಪೆನ್ನು ಇರುತ್ತವೆ. ಮದುವೆಯ ವಾರ್ಷಿಕೋತ್ಸವಕ್ಕೆಂದು ಬರುವ ದಂಪತಿಗೆ ಕೋಣೆಯಲ್ಲಿ ಕೈಬರಹದ ಚೀಟಿ ಇಡುವುದು ಅಲ್ಲಿನ ರೂಢಿ. ಐದಾರು ಸಾಲು ಬರೆಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದ್ದಕ್ಕೆ ಅವಳು, "ಬರೆಯೋಕೆ ನಾಲ್ಕು ನಿಮಿಷ. ಏನು ಬರೀಬಾರದು ಅಂತ ತಿಳ್ಕೊಳ್ಳೋಕೆ ಅರ್ಧ ದಿನ" ಎಂದಳು. ಕಳೆದ ಮೇ ತಿಂಗಳಲ್ಲಿ ಒಂದು ದಿನ ಅವಳ ಪಕ್ಕದಲ್ಲೇ ಕೂತು ಆ ಅರ್ಧ ದಿನವನ್ನು ನೋಡಿದೆ.

ಮೇ ತಿಂಗಳು ಸುಮ್ಮನೆ ಆರಿಸಿದ್ದಲ್ಲ. ನಮ್ಮ ಕಡೆ ಮದುವೆಗಳು ಮುಹೂರ್ತ ನೋಡಿ ನಡೆಯುವುದರಿಂದ ವಾರ್ಷಿಕೋತ್ಸವಗಳೂ ಗುಂಪುಗುಂಪಾಗಿ ಬರುತ್ತವೆ. ಶಾಲೆಯ ರಜೆಯೂ ಸೇರಿಕೊಂಡು ಏಪ್ರಿಲ್, ಮೇ ತಿಂಗಳಲ್ಲಿ ಚೀಟಿಗಳ ಸುಗ್ಗಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಆಗ ಹೋಟೆಲು ಪ್ರವಾಸಿಗಳಿಂದ ತುಂಬಿ ತುಳುಕಿದರೂ ಕಾರ್ಡಿನ ಕಟ್ಟು ಕರಗುವುದಿಲ್ಲ. ಪಂಚಾಂಗ ಹೋಟೆಲಿನ ಸ್ಟೇಷನರಿ ಲೆಕ್ಕದೊಳಗೂ ಕೂತಿರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಕೆಲಸ ಶುರುವಾಗುವುದು ಹಿಂದಿನ ಸಂಜೆ. ಮರುದಿನ ಬರುವವರ ಪಟ್ಟಿಯನ್ನು, ಅಲ್ಲಿನವರ ಮಾತಿನಲ್ಲಿ ಅರೈವಲ್ ಲಿಸ್ಟನ್ನು, ಅವಳು ಮುದ್ರಿಸಿಕೊಳ್ಳುತ್ತಾಳೆ. ಪ್ರತಿ ಹೆಸರಿನ ಮುಂದೆ ರಿಮಾರ್ಕ್ಸ್ ಎಂಬ ಖಾನೆ ಇರುತ್ತದೆ. ಬುಕ್ ಮಾಡಿದವರು ಹೇಳಿದ ವಿಶೇಷವೆಲ್ಲ ಅಲ್ಲಿ ಬಂದು ಬೀಳುತ್ತದೆ. ಅಂದು ಒಂದು ಸಾಲು ಹೀಗಿತ್ತು: ತಂದೆತಾಯಿಯ 40ನೇ ವಾರ್ಷಿಕೋತ್ಸವ, ಅವರಿಗೆ ಗೊತ್ತಾಗಬಾರದು, ತಂದೆಗೆ ಸಕ್ಕರೆ ಕಾಯಿಲೆ, ಮೆಟ್ಟಿಲು ಆಗುವುದಿಲ್ಲ. ಬುಕ್ ಮಾಡಿದ್ದು ಪುಣೆಯಲ್ಲಿರುವ ಮಗಳು. ಅತಿಥಿಯ ಮೊದಲ ಹೆಸರಿನ ಖಾನೆಯಲ್ಲಿ ಮಂಜುನಾಥ, ಕೊನೆಯ ಹೆಸರಿನ ಖಾನೆಯಲ್ಲಿ ಹಾಸನ ರಾಮಚಂದ್ರ. (ಇಲ್ಲಿ ಹೆಸರುಗಳನ್ನು ನಾನು ಬದಲಿಸಿದ್ದೇನೆ, ತೊಡಕು ಮಾತ್ರ ಅದೇ.)

ಕಂಪ್ಯೂಟರು ಈ ಖಾನೆಗಳನ್ನು ನೋಡಿ ತಾನೇ ಒಂದು ಸಂಬೋಧನೆ ತಯಾರಿಸಿ ಕೊಟ್ಟಿತ್ತು: ಮಿಸ್ಟರ್ ಆ್ಯಂಡ್ ಮಿಸೆಸ್ ಹಾಸನ ರಾಮಚಂದ್ರ. ಹಾಸನ ಊರು, ರಾಮಚಂದ್ರ ತಂದೆ. ಅದನ್ನೇ ಕಾರ್ಡಿಗೆ ಇಳಿಸಿದ್ದರೆ ಮಂಜುನಾಥರ ಕೋಣೆಯಲ್ಲಿ ಅವರ ಅಪ್ಪ ಅಮ್ಮನಿಗೆ ಶುಭಾಶಯ ಕಾಯುತ್ತಿರುತ್ತಿತ್ತು. ಕೊನೆಯ ಹೆಸರೆಂದರೆ ಮನೆತನದ ಹೆಸರು, ಅದನ್ನು ಹೆಂಡತಿಯೂ ಇಟ್ಟುಕೊಂಡಿರುತ್ತಾಳೆ ಎಂಬ ಲೆಕ್ಕದಲ್ಲಿ ಆ ಖಾನೆ ಮಾಡಿದ್ದಾರೆ. ನಮ್ಮ ಇನಿಷಿಯಲ್ಲುಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಕೆಲವೊಮ್ಮೆ ಕೊನೆಯ ಹೆಸರಿನ ಜಾಗದಲ್ಲಿ ಬರೀ ಎಚ್ ಆರ್ ಎಂದಿರುತ್ತದೆಯಂತೆ. ಹೊಸದಾಗಿ ಸೇರಿದ ಹುಡುಗರು ಮಿಸ್ಟರ್ ಎಚ್ ಆರ್ ಎಂದು ಬರೆದುಬಿಡುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಹೆಂಡತಿಯ ಹೆಸರು. ಬುಕಿಂಗಿನಲ್ಲಿ ಒಬ್ಬರ ಹೆಸರಷ್ಟೇ ಇದ್ದು ಇನ್ನೊಬ್ಬರದು ಇಬ್ಬರು ವಯಸ್ಕರು ಎಂಬ ಸಂಖ್ಯೆಯಲ್ಲಿ ಮುಗಿದುಹೋಗಿರುತ್ತದೆ. ಗುರುತಿನ ಚೀಟಿ ಕೈಗೆ ಬರುವುದು ಅವರು ಬಂದು ಕೌಂಟರಿನ ಮುಂದೆ ನಿಂತ ಮೇಲೆ. ಚೀಟಿ ಅದಕ್ಕೂ ಮೊದಲೇ ಕೋಣೆಯಲ್ಲಿರಬೇಕು. ಮದುವೆಯ ದಿನದ ಚೀಟಿಯಲ್ಲಿ ಇಬ್ಬರಲ್ಲಿ ಒಬ್ಬರ ಹೆಸರು ಇಲ್ಲದಿದ್ದರೆ ಏನು ಚಂದ? ಅವಳು ಬುಕಿಂಗಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಆ ಕಡೆ ಮಗಳು. ಕೇಳಿದ್ದು ಮೂರೇ ಪ್ರಶ್ನೆ: ಅಮ್ಮನ ಹೆಸರೇನು, ಮದುವೆಯ ದಿನ ಯಾವುದು, ಚೀಟಿಯಲ್ಲಿ ನಿಮ್ಮ ಹೆಸರು ಹೇಳಬಹುದಾ?

ಅಮ್ಮನ ಹೆಸರು ವಿಶಾಲಾಕ್ಷಿ. ಮದುವೆಯ ದಿನ ಮೇ 12. ಅವರು ಬರುತ್ತಿರುವುದು 11ಕ್ಕೆ. ಕೇಳದೆ ಇದ್ದಿದ್ದರೆ "ಇಂದಿನ ಶುಭದಿನ" ಎಂದು ಬರೆದು ಒಂದು ದಿನ ಮೊದಲೇ ಮದುವೆ ಮಾಡಿಸಿದಂತಾಗುತ್ತಿತ್ತು. ಜನ ಮದುವೆಯ ದಿನಕ್ಕೆ ಸರಿಯಾಗಿ ಬರುವುದು ಕಡಿಮೆ, ವಾರದ ಕೊನೆ ನೋಡಿಕೊಂಡು ಹಿಂದೆಮುಂದೆ ಬರುತ್ತಾರೆ. ವರ್ಷದ ಲೆಕ್ಕವನ್ನೂ ಅವಳು ಕೆದಕಿದಳು. ನಲವತ್ತನೆಯದು ಎಂದರೆ ಕೆಲವರಿಗೆ ನಲವತ್ತು ತುಂಬಿತು ಎಂದು, ಕೆಲವರಿಗೆ ನಲವತ್ತಕ್ಕೆ ಕಾಲಿಟ್ಟಿತು ಎಂದು. ಮದುವೆ 1985ರಲ್ಲಿ ಎಂದಳು ಮಗಳು. ಹಾಗಾದರೆ ತುಂಬಿದ್ದೇ ಸರಿ. ಇಸವಿ ಸಿಗದಿದ್ದರೆ ಅವಳು ಸಂಖ್ಯೆಯನ್ನೇ ಬರೆಯುವುದಿಲ್ಲ. ಸಂಖ್ಯೆ ಇಲ್ಲದಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ತಪ್ಪಾಗಿದ್ದರೆ ಓದಿದ ಕೂಡಲೇ ಇಬ್ಬರೂ ಬೆರಳು ಮಡಿಸುತ್ತಾರೆ.

ಕಂಪ್ಯೂಟರಿನಲ್ಲಿ ಇನ್ನೂ ಒಂದು ಮಾಹಿತಿ ಇತ್ತು. ಮಂಜುನಾಥರು ಎರಡು ವರ್ಷದ ಹಿಂದೆ ಇದೇ ಹೋಟೆಲಿನಲ್ಲಿ ಎರಡು ರಾತ್ರಿ ತಂಗಿದ್ದರು. ಹಾಗಾದರೆ "ಮತ್ತೆ ಬಂದಿದ್ದಕ್ಕೆ ಸಂತೋಷ" ಎಂದು ಸೇರಿಸಬಹುದಲ್ಲ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಬ್ಬರೂ ಕೂಡಿ ಬಂದಿದ್ದರು ಎಂದು ಖಾತ್ರಿ ಇಲ್ಲದೆ ದಂಪತಿಯ ಚೀಟಿಯಲ್ಲಿ ಆ ಮಾತು ಬರಕೂಡದು ಎಂಬುದು ಈ ಕಸುಬಿನ ಹಳೆಯ ಪಾಠ. ಒಬ್ಬರೇ ಬಂದಿರಬಹುದು, ಬೇರೆಯವರ ಜೊತೆ ಬಂದಿರಬಹುದು, ಕಚೇರಿ ಕೆಲಸಕ್ಕೆ ಬಂದು ಮನೆಯಲ್ಲಿ ಬೆಂಗಳೂರು ಎಂದಿರಬಹುದು. "ನಾವು ಬರೆದ ಒಂದು ಸಾಲಿನಿಂದ ಅವರು ಮೂರು ದಿನ ಮಾತು ಬಿಡೋ ಹಾಗಾಗಬಾರದು ನೋಡು."

ಹಳೆಯ ದಾಖಲೆಯ ಇನ್ನೊಂದು ಅಪಾಯವನ್ನು ಅವಳು ನಗದೆ ಹೇಳಿದಳು. ಒಮ್ಮೆ ವಾರ್ಷಿಕೋತ್ಸವದ ತಾರೀಖು ಕಂಪ್ಯೂಟರಿಗೆ ಹತ್ತಿದರೆ ಅದು ಅಲ್ಲೇ ಉಳಿದಿರುತ್ತದೆ. ನಾಲ್ಕು ವರ್ಷದ ನಂತರ ಅದೇ ದಿನ ಆ ಅತಿಥಿ ಬಂದರೆ ಪರದೆ ನೆನಪಿಸುತ್ತದೆ. ಅಷ್ಟರಲ್ಲಿ ಜೊತೆಗಾರರು ತೀರಿಕೊಂಡಿರಬಹುದು, ದೂರವಾಗಿರಬಹುದು. ಅದಕ್ಕೇ ಈ ಸಲದ ಬುಕಿಂಗಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದರಷ್ಟೇ ಅವಳು ಕಾರ್ಡು ತೆಗೆಯುವುದು.

ಕಾರ್ಡು, ಪೆನ್ನುಗಳದ್ದು ಚಿಕ್ಕ ವಿಷಯ, ಆದರೂ ಹೇಳುತ್ತೇನೆ. ಹೊಳಪಿನ ಕಾರ್ಡಿನ ಮೇಲೆ ಬಾಲ್ ಪೆನ್ನು ಜಾರುತ್ತದೆ, ಜೆಲ್ ಪೆನ್ನಿನ ಶಾಯಿ ಒಣಗದೆ ಹರಡುತ್ತದೆ. ಆದ್ದರಿಂದ ಹೊಳಪಿಲ್ಲದ ಕಾರ್ಡು. ಬರೆದು ಸ್ವಲ್ಪ ಹೊತ್ತು ಬಿಟ್ಟು ಮೂಲೆಯ ಒಂದು ಅಕ್ಷರದ ಮೇಲೆ ಬೆರಳಿಟ್ಟು ನೋಡುತ್ತಾಳೆ. ಅಚ್ಚು ಹಾಕಿದ ಕೈಬರಹವೂ ಈಗ ಬಂದಿದೆ. ಅಂಥದ್ದು ನಿಮ್ಮ ಕೈಗೆ ಸಿಕ್ಕರೆ ಒಂದೇ ಅಕ್ಷರವನ್ನು ಎರಡು ಕಡೆ ಹುಡುಕಿ ಹೋಲಿಸಿ. ಎರಡೂ ಅವಳಿಜವಳಿಯಂತಿದ್ದರೆ ಅದು ಯಂತ್ರದ್ದು. ಕೈಯಲ್ಲಿ ಬರೆದದ್ದಾದರೆ ಕಾರ್ಡಿನ ಹಿಂಬದಿಯನ್ನು ಸವರಿದಾಗ ಬಾಲ್ ಪೆನ್ನು ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ.

ನಿಜವಾದ ಪೇಚು ಬಂದದ್ದು ಭಾಷೆಯಲ್ಲಿ. ಅಪ್ಪ ಅಮ್ಮನಿಗೆ ಕನ್ನಡದಲ್ಲೇ ಬರೆದರೆ ಒಳ್ಳೆಯದು ಎಂದು ಮಗಳು ಕೇಳಿದ್ದಳು. ಮುಂಗಟ್ಟೆಯಲ್ಲಿದ್ದ ಹುಡುಗ ಅಸ್ಸಾಮಿನವನು, ಹುಡುಗಿ ಕೇರಳದವಳು. ನನ್ನ ಗೆಳತಿ ಕನ್ನಡ ಮಾತಾಡುತ್ತಾಳೆ, ಓದುತ್ತಾಳೆ, ಆದರೆ ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಬರೆದರೆ ಮೂರನೇ ತರಗತಿಯ ಅಕ್ಷರ. ನಾನು ಬರೆದುಕೊಡುತ್ತೇನೆ ಎಂದೆ. ನನ್ನ ಕೈಬರಹ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಕೊನೆಗೆ ಸಿಕ್ಕವರು ಲಾಂಡ್ರಿಯ ಮೇಲ್ವಿಚಾರಕರು, ನಂಜನಗೂಡಿನ ಕಡೆಯವರು. ದುಂಡಗಿನ ಅಕ್ಷರ, ಒತ್ತು ದೀರ್ಘ ಎಲ್ಲ ಅದರದರ ಜಾಗದಲ್ಲಿ. ಗೆಳತಿ ಟೈಪ್ ಮಾಡಿಟ್ಟಿದ್ದ ಕರಡನ್ನು ಓದಿ ಅವರು ಮೊದಲು ಮಾಡಿದ ಕೆಲಸ "ಶುಭಾಷಯ"ವನ್ನು ಹೊಡೆದು "ಶುಭಾಶಯ" ಮಾಡಿದ್ದು. ಫ್ಲೆಕ್ಸುಗಳಲ್ಲಿ ದಿನಾ ನೋಡುವ ತಪ್ಪು. ನಾನು ಪಕ್ಕದಲ್ಲಿ ಕೂತಿದ್ದೂ ಗಮನಿಸಿರಲಿಲ್ಲ.

ಕರಡಿನಲ್ಲಿ ಇನ್ನೂ ಎರಡು ಸಾಲು ಹೋದವು. ಸ್ಪಾದಲ್ಲಿ ರಿಯಾಯಿತಿ ಇದೆ ಎಂಬುದೊಂದು. ಅದನ್ನು ಬರೆದರೆ ಶುಭಾಶಯವೂ ಜಾಹೀರಾತಿನ ಪೀಠಿಕೆಯಾಗುತ್ತದೆ. ಇನ್ನೊಂದು, ಸಕ್ಕರೆ ಕಾಯಿಲೆ ಇರುವುದರಿಂದ ಎಂಬ ಕಾರಣ. ತಿಂಡಿಗೆ ಸಕ್ಕರೆ ಹಾಕಿಲ್ಲ ಎಂದರೆ ಸಾಕು, ಕಾಯಿಲೆಯ ಹೆಸರನ್ನು ಶುಭಪತ್ರದಲ್ಲಿ ಏಕೆ ತರಬೇಕು? ಕೊನೆಗೆ ಉಳಿದದ್ದು ಇಷ್ಟು:

"ಶ್ರೀಮತಿ ವಿಶಾಲಾಕ್ಷಿ ಮತ್ತು ಶ್ರೀ ಮಂಜುನಾಥ ಅವರಿಗೆ ನಮಸ್ಕಾರ. ನಾಳೆಗೆ ನಿಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆ ಎಂದು ನಿಮ್ಮ ಮಗಳು ತಿಳಿಸಿದರು. ನಮ್ಮೆಲ್ಲರ ಶುಭಾಶಯ. ಲಿಫ್ಟಿಗೆ ಹತ್ತಿರದ ಕೋಣೆಯನ್ನೇ ಇಟ್ಟಿದ್ದೇವೆ. ಪರದೆ ಸರಿಸಿದರೆ ಚಾಮುಂಡಿ ಬೆಟ್ಟ ಕಾಣುತ್ತದೆ. ತಟ್ಟೆಯಲ್ಲಿರುವ ತಿಂಡಿಗೆ ಸಕ್ಕರೆ ಹಾಕಿಲ್ಲ. ಏನು ಬೇಕಿದ್ದರೂ ಫೋನಿನಲ್ಲಿ 9 ಒತ್ತಿ."

ಕೆಳಗೆ ಗೆಳತಿಯ ಸಹಿ, ಕನ್ನಡದಲ್ಲೇ. ಜನರಲ್ ಮ್ಯಾನೇಜರರ ಸಹಿ ಹಾಕಿಸುವ ಪದ್ಧತಿಯೂ ಇದೆ. ಆದರೆ 9 ಒತ್ತಿದಾಗ ಮಾತಾಡುವವರು ಅವರಲ್ಲವಲ್ಲ.

ಕಾರ್ಡು ಲಕೋಟೆಯೊಳಗೆ ಹೋಯಿತು. ಕೋಣೆಯ ನಂಬರನ್ನು ಕಾರ್ಡಿನ ಮೇಲಾಗಲಿ ಲಕೋಟೆಯ ಮೇಲಾಗಲಿ ಬರೆಯುವುದಿಲ್ಲ, ಕಿತ್ತು ತೆಗೆಯಬಹುದಾದ ಅಂಟುಚೀಟಿಯ ಮೇಲೆ ಬರೆದು ಹಚ್ಚುತ್ತಾರೆ. ಹೌಸ್‌ಕೀಪಿಂಗಿನವರು ಕೊನೆಯ ಸಲ ನೋಡಿ ಬೀಗ ಹಾಕುವ ಮುನ್ನ ಅದನ್ನು ಮೇಜಿನ ಮೇಲೆ, ಹಣ್ಣಿನ ತಟ್ಟೆಯಿಂದ ದೂರ ಇಡಬೇಕು. ತಣ್ಣಗಿನ ತಟ್ಟೆಯ ಬೆವರು ತಾಗಿದರೆ ಶಾಯಿ ಇಳಿಯುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಆ ಕೋಣೆಯ ಎ.ಸಿ. ಸೋರತೊಡಗಿತು. ದಂಪತಿಯನ್ನು ಅದೇ ಮಹಡಿಯ ಎದುರು ಸಾಲಿಗೆ ಬದಲಾಯಿಸಿದರು. ಹಣ್ಣಿನ ತಟ್ಟೆಯ ಜೊತೆ ಲಕೋಟೆಯನ್ನೂ ಹುಡುಗನೊಬ್ಬ ಎತ್ತಿಕೊಂಡು ಹೋಗಿ ಹೊಸ ಕೋಣೆಯಲ್ಲಿಟ್ಟ. ಅಷ್ಟು ಮಾಡಿದ್ದೇ ದೊಡ್ಡದು. ಎಷ್ಟೋ ಸಲ ಚೀಟಿ ಹಳೆಯ ಕೋಣೆಯಲ್ಲೇ ಉಳಿದು ಯಾರೋ ಒಂಟಿ ವ್ಯಾಪಾರಿಗೆ ವಾರ್ಷಿಕೋತ್ಸವದ ಶುಭಾಶಯ ಸಿಗುವುದುಂಟು. ಗೆಳತಿ ಮಾತ್ರ ತಲೆ ಮೇಲೆ ಕೈ ಇಟ್ಟುಕೊಂಡಳು. ಎದುರು ಸಾಲಿನ ಕಿಟಕಿಯಲ್ಲಿ ಬೆಟ್ಟ ಕಾಣುವುದಿಲ್ಲ. ಇವರಿಗಾಗಿಯೇ ಬರೆದದ್ದು ಎನ್ನಿಸಲಿ ಎಂದು ಹಾಕಿದ ಸಾಲೇ ಸುಳ್ಳಾಗಿತ್ತು. ಎಲ್ಲರಿಗೂ ಒಪ್ಪುವ ಮಾತು ಬರೆದಿದ್ದರೆ ಈ ಪಾಡಿರಲಿಲ್ಲ.

ಲಾಂಡ್ರಿಯವರು ಊಟಕ್ಕೆ ಹೋಗಿದ್ದರು. ಸಿಬ್ಬಂದಿಯ ಕ್ಯಾಂಟೀನಿಗೆ ಓಡಿದೆವು. ಮಜ್ಜಿಗೆ ಅನ್ನದಲ್ಲಿದ್ದವರು ಎದ್ದು ಕೈ ತೊಳೆದು, ಎರಡು ಸಲ ಒರೆಸಿಕೊಂಡು, ಹೊಸ ಕಾರ್ಡು ತೆಗೆದುಕೊಂಡರು. "ಆ ಕಡೆ ಏನಮ್ಮ ಕಾಣುತ್ತೆ?" ಎಂದು ಕೇಳಿದರು. ಇವಳಿಗೆ ತಕ್ಷಣ ಹೊಳೆಯಲಿಲ್ಲ. ಫೋನಿನಲ್ಲಿ ಕೋಣೆಯ ಹುಡುಗನನ್ನು ಕೇಳಿದಳು. ಒಂದು ಸಂಪಿಗೆ ಮರ ಇದೆ ಮೇಡಂ, ಅದರ ಹಿಂದೆ ಪಾರ್ಕಿಂಗ್ ಎಂದ. ಕಾರ್ಡಿನಲ್ಲಿ ಸಂಪಿಗೆ ಮರ ಬಂತು. ಎರಡೂಕಾಲಿಗೆ ದಂಪತಿ ಬಂದಾಗ ಲಕೋಟೆ ಮೇಜಿನ ಮೇಲಿತ್ತು. ಕೌಂಟರಿನಲ್ಲಿ ಯಾರೂ ಬಾಯಿ ಜಾರಿ ಶುಭಾಶಯ ಹೇಳದ ಹಾಗೆ ಗೆಳತಿ ಖುದ್ದು ಪಕ್ಕದಲ್ಲಿ ನಿಂತಿದ್ದಳು.

ಸಂಜೆ ಆರರ ಹೊತ್ತಿಗೆ 9ಕ್ಕೆ ಕರೆ ಬಂತು. ವಿಶಾಲಾಕ್ಷಿಯವರು ಇನ್ನೊಂದು ದಿಂಬು ಕೇಳಿದರು. ಮತ್ತೆ, ಈ ಅಕ್ಷರ ಯಾರದ್ದು ಎಂದು ವಿಚಾರಿಸಿದರು. ಅವರು ನಿವೃತ್ತ ಕನ್ನಡ ಮೇಡಮ್ಮಂತೆ. ಲಾಂಡ್ರಿಯವರ ಪಾಳಿ ಅಷ್ಟರಲ್ಲಿ ಮುಗಿದಿತ್ತು.

ಅವರು ಹೋಟೆಲ್ ಬಿಟ್ಟ ದಿನ ಗೆಳತಿ ಕಂಪ್ಯೂಟರಿನಲ್ಲಿ ಮಂಜುನಾಥರ ಪುಟ ತೆರೆದು ತಿದ್ದಿದಳು. ಕರೆಯುವ ಹೆಸರು ಮಂಜುನಾಥ, ಜೊತೆಯವರು ವಿಶಾಲಾಕ್ಷಿ, ಪತ್ರ ಕನ್ನಡದಲ್ಲಿ, ಲಿಫ್ಟಿಗೆ ಹತ್ತಿರ, ಸಕ್ಕರೆ ಬೇಡ, ದಿಂಬು ಮೂರು. ವಾರ್ಷಿಕೋತ್ಸವ ಎಂಬ ಖಾನೆಯೂ ಅಲ್ಲಿತ್ತು. ಅದನ್ನು ಖಾಲಿ ಬಿಟ್ಟು ಪುಟ ಮುಚ್ಚಿದಳು.