ತೋಳಿನ ಮೇಲಿನ ಆ ತರಿತರಿ ಗುಳ್ಳೆಗಳು ಕೊಳೆ ಅಲ್ಲ, ಉಜ್ಜಬೇಡಿ!

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಬಲಗೈಯನ್ನ ಎಡತೋಳಿನ ಹಿಂಭಾಗದಲ್ಲಿ, ಭುಜಕ್ಕೂ ಮೊಣಕೈಗೂ ಮಧ್ಯೆ ಇಟ್ಟು ಒಮ್ಮೆ ಸವರಿ ನೋಡಿ. ಸ್ಯಾಂಡ್ ಪೇಪರ್ ಮುಟ್ಟಿದ ಹಾಗೆ ತರಿತರಿ ಅನ್ನಿಸ್ತಾ? ಚಳಿಗೆ ರೋಮ ಎದ್ದಾಗ ಬರೋ ಥರದ ಗುಳ್ಳೆ, ಆದ್ರೆ ಬಿಸಿಲಲ್ಲಿ ನಿಂತರೂ ಹೋಗಲ್ಲ, ಅಲ್ವಾ? ಹಾಗಿದ್ರೆ ಈ ಎಪಿಸೋಡ್ ನಿಮಗೇ. ನನಗೂ ಇದೆ, ಹೈಸ್ಕೂಲ್ ದಿನಗಳಿಂದ.

ನಮ್ಮನೇಲಿ ಇದಕ್ಕೆ ಅಮ್ಮ ಕೊಟ್ಟಿದ್ದ ಕಾರಣ ಒಂದೇ: "ಉಷ್ಣ ಜಾಸ್ತಿ ಆಗಿದೆ, ಮಜ್ಜಿಗೆ ಕುಡಿ." ನಾನು ಕೊಟ್ಟುಕೊಂಡಿದ್ದ ಕಾರಣ ಇನ್ನೊಂದು: ಸರಿಯಾಗಿ ಸ್ನಾನ ಮಾಡ್ತಿಲ್ಲ, ಅದಕ್ಕೇ ಕೊಳೆ ಕೂತಿದೆ. ಅಕ್ಕನ ಮದುವೆಗೆ ಸ್ಲೀವ್‌ಲೆಸ್ ಬ್ಲೌಸ್ ಹೊಲಿಸಿದ್ದೆ. ಮದುವೆಗೆ ಎರಡು ವಾರ ಇರುವಾಗ ಹಿಮ್ಮಡಿ ಉಜ್ಜೋ ಕಲ್ಲು ತಗೊಂಡು ದಿನಾ ತೋಳು ಉಜ್ಜಿದೆ. ಮೊದಲ ದಿನ ನುಣುಪು ಅನ್ನಿಸ್ತು. ನಾಲ್ಕನೇ ದಿನಕ್ಕೆ ಉರಿ ಶುರುವಾಯ್ತು. ಮದುವೆ ಹೊತ್ತಿಗೆ ಪ್ರತಿ ಗುಳ್ಳೆಯ ಸುತ್ತ ಕಂದು ಚುಕ್ಕೆ! ಕೊನೆಗೆ ಉದ್ದ ತೋಳಿನ ಹಳೇ ಬ್ಲೌಸ್ ಹಾಕ್ಕೊಂಡೇ ಫೋಟೋಗೆ ನಿಂತೆ.

ಆಮೇಲೆ ಚರ್ಮದ ಡಾಕ್ಟರ್ ಹತ್ರ ಹೋದಾಗ ಅವರು ನೋಡಿದ ತಕ್ಷಣ ಹೆಸರು ಹೇಳಿದ್ರು: ಕೆರಟೋಸಿಸ್ ಪಿಲಾರಿಸ್. ಯಾವ ಟೆಸ್ಟೂ ಬರೆಯಲಿಲ್ಲ. ಅವರು ವಿವರಿಸಿದ್ದು ಹೀಗೆ.

ನಮ್ಮ ಚರ್ಮದ ಮೇಲ್ಪದರ ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನಿನಿಂದ ಆಗಿದೆ. ಕೂದಲು, ಉಗುರು ಕೂಡ ಅದರಿಂದಲೇ. ಹಳೇ ಕೆರಾಟಿನ್ ದಿನಾ ಕಣ್ಣಿಗೆ ಕಾಣದ ಹಾಗೆ ಉದುರಿಹೋಗುತ್ತೆ. ಕೆಲವರಲ್ಲಿ ಅದು ಕೂದಲಿನ ರಂಧ್ರದ ಬಾಯಲ್ಲಿ ಉದುರದೆ ಸೇರಿಕೊಂಡು, ಬಾಟಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತೆ. ಆ ಬಿರಡೆಯೇ ನಾವು ಮುಟ್ಟಿದಾಗ ಸಿಗೋ ಗುಳ್ಳೆ. ಎಷ್ಟೋ ಸಲ ಅದರ ಒಳಗೆ ಒಂದು ತೆಳು ಕೂದಲು ಹೊರಗೆ ಬರಲಾಗದೆ ಸುರುಳಿ ಸುತ್ತಿಕೊಂಡಿರುತ್ತೆ.

ಇಷ್ಟು ಗೊತ್ತಾದ್ರೆ ಇದು ಯಾಕೆ ಅಪಾಯ ಅಲ್ಲ ಅನ್ನೋದು ತಾನಾಗೇ ಅರ್ಥ ಆಗುತ್ತೆ. ಗುಳ್ಳೆಯಲ್ಲಿ ಇರೋದು ನಮ್ಮದೇ ಚರ್ಮದ ಪ್ರೋಟೀನ್. ರೋಗಾಣು ಇದಕ್ಕೆ ಕಾರಣ ಅಲ್ಲ, ಹಾಗಾಗಿ ಟವೆಲ್ ಹಂಚಿಕೊಂಡರೂ ಯಾರಿಗೂ ಅಂಟಲ್ಲ. ಇದು ಕ್ಯಾನ್ಸರ್ ಆಗಿ ಬದಲಾಗಲ್ಲ. ಮನೆತನದಲ್ಲಿ ಹರಿದು ಬರೋ ಗುಣ ಇದು. ಡಾಕ್ಟರ್ ಹೇಳಿದ ಮೇಲೆ ಅಪ್ಪನ ತೋಳು ಸವರಿ ನೋಡಿದೆ, ಅಲ್ಲೂ ಇತ್ತು! ಹದಿಹರೆಯದಲ್ಲಿ, ಒಣ ಚರ್ಮ ಇರೋರಲ್ಲಿ, ಚಳಿಗಾಲದಲ್ಲಿ ಹೆಚ್ಚು. ವಯಸ್ಸಾದ ಹಾಗೆ ಬಹಳ ಜನರಲ್ಲಿ ಕಡಿಮೆ ಆಗುತ್ತೆ.

ಹಾಗಾದ್ರೆ ನನ್ನ ತೋಳಿನ ಕಂದು ಚುಕ್ಕೆ? ಅದು ಗುಳ್ಳೆಯ ತಪ್ಪಲ್ಲ, ಕಲ್ಲಿನ ತಪ್ಪು. ಉಜ್ಜಿದಾಗ ಬಿರಡೆಯ ತುದಿ ಹೋಗುತ್ತೆ, ಬುಡ ಅಲ್ಲೇ ಇರುತ್ತೆ, ಸುತ್ತಲ ಚರ್ಮ ಕೆರಳುತ್ತೆ. ನಮ್ಮ ಮೈಬಣ್ಣದಲ್ಲಿ ಹಾಗೆ ಕೆರಳಿದ ಜಾಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತೆ.

ಏನೂ ಮಾಡದೆ ಬಿಟ್ಟರೂ ತೊಂದರೆ ಇಲ್ಲ ಅಂದ್ರು ಡಾಕ್ಟರ್. ನುಣುಪು ಬೇಕು ಅಂದ್ರೆ ಬಿರಡೆಯನ್ನ ಕೀಳೋದಲ್ಲ, ಮೆತ್ತಗೆ ಮಾಡಬೇಕು. ನನಗೆ ಹೇಳಿದ್ದು ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ, ಮೈ ಒದ್ದೆ ಆರೋ ಮುಂಚೆ 10 ಪರ್ಸೆಂಟ್ ಯೂರಿಯಾ ಇರೋ ಕ್ರೀಮ್. ಯೂರಿಯಾ ನೀರನ್ನ ಹಿಡಿದಿಟ್ಟು ಕೆರಾಟಿನ್ ಸಡಿಲ ಮಾಡುತ್ತೆ. ಗಾಯ ಇರೋ ಕಡೆ ಹಚ್ಚಿದ್ರೆ ಉರಿಯುತ್ತೆ, ಹಾಗಾಗಿ ಮೊದಲು ಉರಿ ವಾಸಿ ಆಗೋವರೆಗೆ ಕಾದೆ. ಆರು ವಾರಕ್ಕೆ ತರಿ ಅರ್ಧ ಇಳೀತು. ಬಿಟ್ಟೆ, ಮುಂದಿನ ಡಿಸೆಂಬರ್‌ನಲ್ಲಿ ವಾಪಸ್ ಬಂತು. ಇದರ ಸ್ವಭಾವವೇ ಅದು, ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ.

ಆದ್ರೆ ಎಲ್ಲ ತರಿ ಗುಳ್ಳೆಯೂ ಇದೇ ಅಲ್ಲ. ಕೀವು, ನೋವು, ತುಂಬಾ ತುರಿಕೆ ಇದ್ರೆ, ಅಥವಾ ಹುಬ್ಬಿನ ಕೂದಲು ಉದುರೋಕೆ ಶುರುವಾದ್ರೆ ಡಾಕ್ಟರಿಗೆ ತೋರಿಸಿ. ಸರಿಯಾಗಿ ಊಟ ಸಿಗದ ಮಕ್ಕಳಲ್ಲಿ ಮೊಣಕೈ, ಮೊಣಕಾಲಿನ ಮೇಲೆ ಮುಳ್ಳಿನಂಥ ದೊಡ್ಡ ಗುಳ್ಳೆ ಏಳಬಹುದು. ಅದು ಫ್ರಿನೋಡರ್ಮಾ, ಅಂದ್ರೆ ಕಪ್ಪೆ ಚರ್ಮ. ಅದು ಪೋಷಕಾಂಶ ಕೊರತೆಯ ಗುರುತು, ಬರೀ ಕ್ರೀಮ್ ಹಚ್ಚಿ ಸುಮ್ಮನಾಗಬಾರದು.

ಹೋದ ತಿಂಗಳು ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು: "ಅಕ್ಕಾ, ತೋಳಿಗೆ ಯಾವ ಸ್ಕ್ರಬ್ ಒಳ್ಳೇದು?" ಮೊದಲು ಫೋಟೋ ಕಳಿಸು ಅಂದೆ. ನೋಡಿದ ಮೇಲೆ ಒಂದೇ ಮಾತು ಹೇಳಿದೆ: ಬಾತ್‌ರೂಮಲ್ಲಿರೋ ಆ ಕಲ್ಲನ್ನ ಹಿಮ್ಮಡಿಗೇ ಬಿಡು.